‘ಇದೆ’ಯಿಂದ ‘ಬೇಕು’ವಿನವರೆಗೆ: ಸಿಡುಬಿನ ಲೆಕ್ಕ ಹೇಳಿದ್ದು, ಹೇಳದೆ ಬಿಟ್ಟದ್ದು

(ಉಪನ್ಯಾಸವೊಂದರ ಬರಹ ರೂಪ)



ಇಂದು ನಾನು ಎತ್ತಿಕೊಂಡಿರುವ ವಿಷಯ ನಮ್ಮ ಭಾಷೆಯ ಒಂದು ಪುಟ್ಟ ಪದದಲ್ಲಿ ಅಡಗಿ ಕುಳಿತಿದೆ. ‘ಬೇಕು’ ಎಂಬುದೇ ಆ ಪದ. ದಿನಕ್ಕೆ ನೂರು ಸಲ ಆಡುವ ಈ ಮಾತನ್ನು ನಾವು ಎಷ್ಟು ಬೇರೆ ಬೇರೆ ಅರ್ಥಗಳಲ್ಲಿ ಬಳಸುತ್ತೇವೆಂದು ಸ್ವಲ್ಪ ಗಮನಿಸಿ. ‘ಮಗುವಿಗೆ ಹಾಲು ಬೇಕು’ ಎಂದಾಗ ಹೇಳುತ್ತಿರುವುದು ಒಂದು ಅಗತ್ಯವನ್ನು. ‘ಇಷ್ಟು ಹೊತ್ತಿಗೆ ಬಸ್ಸು ತುಮಕೂರು ದಾಟಿರಬೇಕು’ ಎಂದರೆ ಅದೊಂದು ಊಹೆ. ‘ಅನ್ನ ಆಗಬೇಕಾದರೆ ನೀರು ಕುದಿಯಬೇಕು’ ಎಂದರೆ ಒಂದು ಷರತ್ತು. ಕೊನೆಗೆ, ‘ಕೊಟ್ಟ ಮಾತು ಉಳಿಸಿಕೊಳ್ಳಬೇಕು’ ಎನ್ನುತ್ತೇವೆ. ಇದು ಅಗತ್ಯವೂ ಅಲ್ಲ, ಊಹೆಯೂ ಅಲ್ಲ, ಷರತ್ತೂ ಅಲ್ಲ. ಇದು ಕರ್ತವ್ಯ.

ಮೊದಲ ಮೂರು ‘ಬೇಕು’ಗಳನ್ನು ಪರೀಕ್ಷಿಸಿ ನೋಡಬಹುದು. ಮಗು ಹಸಿದಿದೆಯೋ ಇಲ್ಲವೋ, ಬಸ್ಸು ಎಲ್ಲಿದೆ, ನೀರು ಕುದಿಯದೆ ಅಕ್ಕಿ ಬೇಯುತ್ತದೆಯೇ ಎಂಬುದನ್ನು ಕಣ್ಣಾರೆ ಕಂಡು ತೀರ್ಮಾನಿಸಬಹುದು. ನಾಲ್ಕನೆಯದನ್ನು ಪರೀಕ್ಷಿಸಲು ಏನನ್ನು ನೋಡಬೇಕು? ಜನ ಮಾತು ಉಳಿಸಿಕೊಳ್ಳುತ್ತಾರೆ ಎಂದು ಎಣಿಸಿ ತೋರಿಸಿದರೆ ಸಾಲದು, ಮುರಿಯುತ್ತಾರೆ ಎಂದು ತೋರಿಸಿದರೂ ಅದು ಸುಳ್ಳಾಗುವುದಿಲ್ಲ. ‘ಸರಿ’ ಎಂಬ ಪದದ ಕಥೆಯೂ ಇದೇ. ‘ಲೆಕ್ಕ ಸರಿಯಾಗಿದೆ’ ಎನ್ನುತ್ತೇವೆ, ‘ಅವನು ಮಾಡಿದ್ದು ಸರಿ’ ಎಂದೂ ಎನ್ನುತ್ತೇವೆ. ಪದ ಒಂದೇ ಆದದ್ದರಿಂದ ಒಂದರಿಂದ ಇನ್ನೊಂದಕ್ಕೆ ಜಾರಿಬಿಡುವುದು ಬಹಳ ಸುಲಭ. ಲೆಕ್ಕ ಸರಿಯಾಗಿದ್ದರೆ ಕೆಲಸವೂ ಸರಿಯೇ ಇರಬೇಕು ಎಂಬ ಭಾವನೆ ನಮಗೆ ಅರಿವಿಲ್ಲದೆಯೇ ಬಂದುಬಿಡುತ್ತದೆ.

ಈ ಜಾರುವಿಕೆಯನ್ನು ಸ್ಪಷ್ಟವಾಗಿ ಗುರುತಿಸಿ ಬರೆದವನು ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್. 1711ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ ಹ್ಯೂಮ್, ಮಾನವ ಸ್ವಭಾವವನ್ನು ಕುರಿತ ತನ್ನ ದೊಡ್ಡ ಗ್ರಂಥದ ಮೊದಲೆರಡು ಸಂಪುಟಗಳನ್ನು 1739ರಲ್ಲಿಯೂ ನೀತಿಯನ್ನು ಕುರಿತ ಮೂರನೆಯ ಸಂಪುಟವನ್ನು 1740ರಲ್ಲಿಯೂ ಪ್ರಕಟಿಸಿದ. ಆ ಮೂರನೆಯ ಸಂಪುಟದ ಮೊದಲ ವಿಭಾಗದ ಕೊನೆಯಲ್ಲಿ ಒಂದೇ ಒಂದು ಪ್ಯಾರಾ ಇದೆ. ನೀತಿಯ ಬಗ್ಗೆ ಬರೆಯುವವರೆಲ್ಲ ಮೊದಲು ದೇವರಿದ್ದಾನೆ, ಮನುಷ್ಯ ಹೀಗಿದ್ದಾನೆ, ಸಮಾಜ ಹಾಗಿದೆ ಎಂದು ‘ಇದೆ’, ‘ಇಲ್ಲ’ಗಳಲ್ಲಿ ಹೇಳುತ್ತಾ ಹೋಗುತ್ತಾರೆ, ನಂತರ ಇದ್ದಕ್ಕಿದ್ದಂತೆ ಎಲ್ಲ ವಾಕ್ಯಗಳೂ ‘ಮಾಡಬೇಕು’, ‘ಮಾಡಬಾರದು’ ಎಂದು ಮುಗಿಯತೊಡಗುತ್ತವೆ, ಈ ಬದಲಾವಣೆ ಎಲ್ಲಿ ಆಯಿತು, ಏಕೆ ಆಯಿತು ಎಂಬುದನ್ನು ಮಾತ್ರ ಯಾರೂ ವಿವರಿಸುವುದಿಲ್ಲ. ಹ್ಯೂಮ್ ಹೇಳಿದ್ದರ ಸಾರ ಇಷ್ಟೆ.

ಇದರ ಹಿಂದಿರುವ ತರ್ಕ ಸರಳವಾದದ್ದು. ಆಧಾರವಾಕ್ಯಗಳಲ್ಲಿ ಇಲ್ಲದ್ದು ತೀರ್ಮಾನದಲ್ಲಿ ಬರಲಾರದು. ಚೀಲಕ್ಕೆ ರಾಗಿಯನ್ನಷ್ಟೇ ತುಂಬಿ ಕೊನೆಗೆ ಭತ್ತ ಸುರಿದರೆ, ನಡುವೆ ಯಾರೋ ಭತ್ತ ಹಾಕಿದ್ದಾರೆ ಎಂದೇ ಅರ್ಥ. ಹಾಗೆಯೇ, ಬರೀ ಸಂಗತಿಗಳಿಂದ ಹೊರಟ ವಾದ ಕರ್ತವ್ಯದಲ್ಲಿ ಮುಗಿದರೆ, ನಡುವೆ ಎಲ್ಲೋ ಒಂದು ‘ಬೇಕು’ ಸೇರಿಕೊಂಡಿರುತ್ತದೆ. ಅದನ್ನು ಹುಡುಕಿ ಹೊರಗೆಳೆಯುವುದು ಹೇಗೆ ಎಂಬುದನ್ನು ಒಂದು ನಿಜವಾದ ಪ್ರಕರಣದ ಮೂಲಕ ನೋಡೋಣ. ಅದು ಹ್ಯೂಮ್ ಬದುಕಿದ್ದ ಕಾಲದಲ್ಲೇ ಪ್ಯಾರಿಸ್ಸಿನಲ್ಲಿ ನಡೆದ ಚರ್ಚೆ. ಹ್ಯೂಮ್ ಅದರಲ್ಲಿ ಪಾಲುಗೊಂಡನೆಂದು ನಾನು ಹೇಳುತ್ತಿಲ್ಲ; ಅವನು ಎತ್ತಿದ ಪ್ರಶ್ನೆ ಅಲ್ಲಿ ಜೀವಂತವಾಗಿ ಕಾಣಿಸುತ್ತದೆ ಎಂಬುದಷ್ಟೇ ನನ್ನ ಮಾತು.

ಬರ್ನೂಲಿಯ ಲೆಕ್ಕ

ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಸಿಡುಬು ಮನೆಮನೆಯ ಮಾತಾಗಿತ್ತು. ನಮ್ಮಲ್ಲಿ ‘ಅಮ್ಮ’ ಎಂದು ಭಯಭಕ್ತಿಯಿಂದ ಕರೆಯುತ್ತಿದ್ದ ರೋಗವೇ ಅದು. ಅದಕ್ಕೆ ಮದ್ದಿರಲಿಲ್ಲ, ಆದರೆ ತಡೆಯುವ ಒಂದು ದಾರಿಯಿತ್ತು. ಸಿಡುಬು ಸೌಮ್ಯವಾಗಿ ಬಂದವರ ಗುಳ್ಳೆಯಿಂದ ಕೀವು ತೆಗೆದು, ಆರೋಗ್ಯವಂತರ ತೋಳಿನ ಚರ್ಮವನ್ನು ಸ್ವಲ್ಪ ಗೀರಿ ಅದರಲ್ಲಿ ಸೇರಿಸುತ್ತಿದ್ದರು. ಕೆಲವು ದಿನಗಳಲ್ಲಿ ಅವರಿಗೂ ಸಿಡುಬು ಬರುತ್ತಿತ್ತು. ಆದರೆ ಸಾಮಾನ್ಯವಾಗಿ ಹಗುರವಾಗಿ ಬಂದು ಹೋಗುತ್ತಿತ್ತು, ಮತ್ತೆ ಜೀವಮಾನದಲ್ಲಿ ಬರುತ್ತಿರಲಿಲ್ಲ. ಇದು ನಮ್ಮ ಹಿರಿಯರು ಹಾಕಿಸಿಕೊಂಡ ದಾಕು ಅಲ್ಲ. ದಾಕು ಬಂದದ್ದು ಎಡ್ವರ್ಡ್ ಜೆನ್ನರ್ 1796ರಲ್ಲಿ ಗೋಸಿಡುಬಿನ ಕೀವನ್ನು ಪ್ರಯೋಗಿಸಿದ ಮೇಲೆ. ನಾನು ಹೇಳುತ್ತಿರುವುದು ಅದಕ್ಕೂ ಹಿಂದಿನ ಇನಾಕ್ಯುಲೇಷನ್ ಪದ್ಧತಿ. ಇದರಲ್ಲಿ ಸೇರಿಸುತ್ತಿದ್ದುದು ಮನುಷ್ಯರ ನಿಜವಾದ ಸಿಡುಬನ್ನೇ. ಆದ್ದರಿಂದ ಕೆಲವರು ಅದರಿಂದಲೇ ಸಾಯುತ್ತಿದ್ದರು.

ಹೀಗಿರುವಾಗ ಮಕ್ಕಳಿಗೆ ಕೀವು ಹಾಕಿಸಬೇಕೆ, ಬೇಡವೆ? 1760ರಲ್ಲಿ ಗಣಿತಜ್ಞ ಡೇನಿಯಲ್ ಬರ್ನೂಲಿ ಈ ಪ್ರಶ್ನೆಯನ್ನು ಲೆಕ್ಕದಿಂದ ಬಗೆಹರಿಸಲು ಹೊರಟು, ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಒಂದು ಪ್ರಬಂಧವನ್ನಿಟ್ಟ. ಯಾವ ವಯಸ್ಸಿನಲ್ಲಿ ಎಷ್ಟು ಜನ ಬದುಕಿರುತ್ತಾರೆ ಎಂಬುದಕ್ಕೆ, ಖಗೋಳಶಾಸ್ತ್ರಜ್ಞ ಎಡ್ಮಂಡ್ ಹ್ಯಾಲಿ 1693ರಲ್ಲಿ ಬ್ರೆಸ್ಲಾವ್ ನಗರದ ಸಾವಿನ ದಾಖಲೆಗಳಿಂದ ತಯಾರಿಸಿದ್ದ ಪಟ್ಟಿಯನ್ನು ಆಧಾರ ಮಾಡಿಕೊಂಡ. ಅದಕ್ಕೆ ಎರಡು ಅಂದಾಜುಗಳನ್ನು ಸೇರಿಸಿದ. ಸಿಡುಬು ಇನ್ನೂ ಬಾರದವರಲ್ಲಿ ಪ್ರತಿ ವರ್ಷ 8ರಲ್ಲಿ ಒಬ್ಬರಿಗೆ ಅದು ಬರುತ್ತದೆ ಎಂಬುದು ಒಂದು. ಬಂದವರಲ್ಲಿ 8ರಲ್ಲಿ ಒಬ್ಬರು ಸಾಯುತ್ತಾರೆ ಎಂಬುದು ಇನ್ನೊಂದು.

ಲೆಕ್ಕ ಹೀಗೆ ಬಂತು. ಸಿಡುಬು ಇರುವ ಲೋಕದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಸ್ಸು 26 ವರ್ಷ 7 ತಿಂಗಳು. ಸಿಡುಬು ಇಲ್ಲವೇ ಇಲ್ಲ ಎನ್ನುವುದಾದರೆ ಅದು 29 ವರ್ಷ 9 ತಿಂಗಳು. ಕೀವು ಹಾಕಿಸುವುದರಿಂದಲೇ 200 ಜನರಲ್ಲಿ ಒಬ್ಬರು ಸಾಯುತ್ತಾರೆ ಎಂದಿಟ್ಟುಕೊಂಡರೂ ಈ ಎರಡನೆಯ ಸಂಖ್ಯೆಯಲ್ಲಿ ಎರಡು ತಿಂಗಳಷ್ಟೂ ಕಡಿಮೆಯಾಗುವುದಿಲ್ಲ. ಅಂದರೆ ಎಲ್ಲರಿಗೂ ಕೀವು ಹಾಕಿಸಿದರೆ ಸರಾಸರಿ ಆಯುಸ್ಸು ಸುಮಾರು ಮೂರು ವರ್ಷ ಹೆಚ್ಚುತ್ತದೆ. ಆದ್ದರಿಂದ ಇದನ್ನು ಪ್ರೋತ್ಸಾಹಿಸಬೇಕು ಎಂದ ಬರ್ನೂಲಿ.

ಈ ‘ಆದ್ದರಿಂದ’ವನ್ನು ಹಿಡಿದು ನಿಲ್ಲಿಸಿ. ಅದರ ಹಿಂದಿರುವುದೆಲ್ಲ ‘ಇದೆ’ಗಳ ಸಾಲು: ಇಷ್ಟು ಜನ ಸಾಯುತ್ತಾರೆ, ಇಷ್ಟು ಜನ ಉಳಿಯುತ್ತಾರೆ. ಅದರ ಮುಂದಿರುವುದು ‘ಬೇಕು’. ಈ ಎರಡರ ನಡುವೆ ಹೇಳದೆ ಬಿಟ್ಟಿರುವ ಒಂದು ವಾಕ್ಯವಿದೆ. ಅದನ್ನು ಬಿಡಿಸಿ ಬರೆದರೆ ಹೀಗಾಗುತ್ತದೆ: ‘ಸರಾಸರಿ ಆಯುಸ್ಸನ್ನು ಹೆಚ್ಚಿಸುವ ಕೆಲಸವನ್ನು ಮಾಡಬೇಕು.’ ಇದು ಹ್ಯಾಲಿಯ ಪಟ್ಟಿಯಲ್ಲಿ ಇರಲಿಲ್ಲ. ಯಾವ ಸಾವಿನ ದಾಖಲೆಯಲ್ಲಿಯೂ ಇರಲು ಸಾಧ್ಯವಿಲ್ಲ.

ಇಂಥ ವಾಕ್ಯ ಸಾಮಾನ್ಯವಾಗಿ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅದು ಯಾರಿಗೂ ಆಕ್ಷೇಪಣೀಯ ಎನಿಸುವುದಿಲ್ಲ. ಆಯುಸ್ಸು ಹೆಚ್ಚುವುದು ಬೇಡ ಎನ್ನುವವರು ಯಾರು? ಆದರೆ ಅಡಗಿರುವ ವಾಕ್ಯವನ್ನು ಪರೀಕ್ಷಿಸುವ ಒಂದು ಉಪಾಯವಿದೆ. ವಾದದ ರೂಪವನ್ನು ಹಾಗೆಯೇ ಇಟ್ಟುಕೊಂಡು ಅಂಕಿಯನ್ನಷ್ಟೇ ಬದಲಿಸಿ ನೋಡುವುದು. ಕೀವು ಹಾಕಿಸಿದಾಗ 200ರಲ್ಲಿ ಒಬ್ಬರಲ್ಲ, 10ರಲ್ಲಿ ಒಬ್ಬರು ಸಾಯುತ್ತಾರೆ ಎಂದಿಟ್ಟುಕೊಳ್ಳಿ. ಬರ್ನೂಲಿಯ 29 ವರ್ಷ 9 ತಿಂಗಳಿನಲ್ಲಿ ಹತ್ತನೆಯ ಒಂದು ಭಾಗವನ್ನು ಕಳೆದರೆ ಉಳಿಯುವುದು ಸುಮಾರು 26 ವರ್ಷ 9 ತಿಂಗಳು. ಏನೂ ಮಾಡದೆ ಸುಮ್ಮನಿದ್ದರೆ ಸಿಗುವ 26 ವರ್ಷ 7 ತಿಂಗಳಿಗಿಂತ ಇದು ಈಗಲೂ ಎರಡು ತಿಂಗಳು ಹೆಚ್ಚು! ಹಾಗಾದರೆ ನೂರು ಮಕ್ಕಳಿರುವ ಒಂದು ಊರಿಗೆ ಹೋಗಿ, ಎಲ್ಲರಿಗೂ ಕೀವು ಹಾಕಿಸಿ, ಈ ತಿಂಗಳಲ್ಲೇ ಹತ್ತು ಮಕ್ಕಳನ್ನು ಮಣ್ಣು ಮಾಡಬೇಕೆ, ಸರಾಸರಿ ಎರಡು ತಿಂಗಳು ಏರಿತೆಂದು?

ನಮ್ಮಲ್ಲಿ ಬಹುಮಂದಿ ಇಲ್ಲಿ ಹಿಂಜರಿಯುತ್ತೇವೆ. ಹಿಂಜರಿಯದೆ ಹೌದು ಎನ್ನುವವರೂ ಇರಬಹುದು. ಆದರೆ ಗಮನಿಸಿ, ಹಿಂಜರಿಯುವವರೂ ಹಿಂಜರಿಯದವರೂ ಒಪ್ಪಿರುವ ಸಂಗತಿಗಳು ಒಂದೇ. ಇಬ್ಬರ ಕೈಯಲ್ಲೂ ಅದೇ ಪಟ್ಟಿ, ಅದೇ ಭಾಗಾಕಾರ. ಸಂಗತಿಗಳಲ್ಲಿ ಕಿಂಚಿತ್ತೂ ವ್ಯತ್ಯಾಸವಿಲ್ಲದೆ ಇಬ್ಬರು ಎರಡು ತೀರ್ಮಾನಕ್ಕೆ ಬರಬಹುದಾದರೆ, ತೀರ್ಮಾನವನ್ನು ಕೊಡುತ್ತಿರುವುದು ಸಂಗತಿಗಳು ಮಾತ್ರವಲ್ಲ ಎಂದಾಯಿತು.

ದಾಲಾಂಬೇರನ ಆಕ್ಷೇಪ

ಈ ಬಿರುಕನ್ನು ಅಂದೇ ಕಂಡವನು ಫ್ರಾನ್ಸಿನ ಗಣಿತಜ್ಞ ದಾಲಾಂಬೇರ್. ಅದೇ 1760ರ ನವೆಂಬರ್‌ನಲ್ಲಿ ಅವನು ಅಕಾಡೆಮಿಯ ಮುಂದೆ ತನ್ನ ಆಕ್ಷೇಪಗಳನ್ನು ಓದಿದ. ಅವನ ನಿಲುವಿನ ಸ್ವಾರಸ್ಯವೆಂದರೆ ಅವನು ಕೀವು ಹಾಕಿಸುವುದರ ವಿರೋಧಿಯಲ್ಲ, ಪರವಾಗಿಯೇ ಇದ್ದವನು. ಬರ್ನೂಲಿಯ ತೀರ್ಮಾನ ಅವನಿಗೆ ಒಪ್ಪಿಗೆ. ಆ ತೀರ್ಮಾನಕ್ಕೆ ಬಂದ ದಾರಿ ಮಾತ್ರ ಒಪ್ಪಿಗೆಯಿಲ್ಲ. ಇಂದಿನ ನಮ್ಮ ಚರ್ಚೆಗಳಲ್ಲಿ ಇದು ಅಪರೂಪ. ವಾದದಲ್ಲಿ ಕುಂದು ತೋರಿಸಿದವನನ್ನು ನಾವು ಕೂಡಲೇ ಎದುರು ಪಕ್ಷಕ್ಕೆ ಸೇರಿಸಿಬಿಡುತ್ತೇವೆ.

ದಾಲಾಂಬೇರನ ಮೊದಲ ಮಾತು ಕಾಲವನ್ನು ಕುರಿತದ್ದು. ಕೀವು ಹಾಕಿಸಿಕೊಳ್ಳುವವನು ಎದುರಿಸುವ ಅಪಾಯ ಈಗ, ಈ ತಿಂಗಳೇ, ಎದುರಿಗೆ ನಿಂತಿರುತ್ತದೆ. ಅದರಿಂದ ಬರುವ ಲಾಭ ಮುಂದೆಂದೋ, ಬದುಕಿನ ಉದ್ದಕ್ಕೂ ಹರಡಿಕೊಂಡು ಬರುತ್ತದೆ. ಕೊನೆಗಾಲದಲ್ಲಿ ಸೇರುವ ಮೂರು ವರ್ಷವನ್ನೂ ನಡುಹರೆಯದಲ್ಲಿ ಕಳೆದುಹೋಗಬಹುದಾದ ಇಡೀ ಬಾಳನ್ನೂ ಒಂದೇ ತಕ್ಕಡಿಯಲ್ಲಿಟ್ಟು, ಎರಡೂ ವರ್ಷಗಳೇ ತಾನೆ ಎಂದು ತೂಗುವುದು ಸರಿಯೆ? ಸರಾಸರಿ ಎಂಬ ಸಾಧನ ಈ ವ್ಯತ್ಯಾಸವನ್ನು ಅಳಿಸಿಬಿಡುತ್ತದೆ. ಅಳಿಸಬಹುದು ಎಂದು ಅದಕ್ಕೆ ಅಪ್ಪಣೆ ಕೊಟ್ಟವರು ಯಾರು?

ಎರಡನೆಯ ಮಾತು ಯಾರ ದೃಷ್ಟಿಯಿಂದ ನೋಡುತ್ತೇವೆ ಎಂಬುದನ್ನು ಕುರಿತದ್ದು. ರಾಜ್ಯಕ್ಕೆ ಪ್ರಜೆಗಳೆಲ್ಲ ಸಮಾನ. ಒಬ್ಬ ಸತ್ತು ಹತ್ತು ಜನ ಉಳಿದರೆ ಅದರ ಲೆಕ್ಕದ ಪುಸ್ತಕದಲ್ಲಿ ಅದು ಲಾಭವೇ. ಆದರೆ ಒಬ್ಬ ಮನುಷ್ಯನಿಗೆ ತನ್ನ ಜೀವ ಹತ್ತರಲ್ಲಿ ಒಂದಲ್ಲ. ತಾಯಿಗೆ ತನ್ನ ಮಗು ಇನ್ನೂರರಲ್ಲಿ ಒಂದಲ್ಲ. ರಾಜ್ಯದ ಹಿತ ಒಂದು, ವ್ಯಕ್ತಿಯ ಹಿತ ಇನ್ನೊಂದು. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಉತ್ತರವೆಂದು ಕೊಡಲಾಗದು ಎಂಬುದು ದಾಲಾಂಬೇರನ ವಾದ. ಯಾರ ಹಿತಕ್ಕೆ ಮೊದಲ ಸ್ಥಾನ ಕೊಡಬೇಕು ಎಂಬುದೂ ಒಂದು ‘ಬೇಕು’. ಅದು ಪಟ್ಟಿಯ ಆಚೆಗೆ ನಿಂತಿರುವ ಪ್ರಶ್ನೆ.

ಮೂರನೆಯ ವಿಚಾರ ಮೂರು ವರ್ಷಗಳ ನಂತರ ಮುಂದೆ ಬಂತು. ಕೀವು ಹಾಕಿಸಿಕೊಂಡವನಿಗೆ ಬರುವುದು ನಿಜವಾದ ಸಿಡುಬಾದ್ದರಿಂದ, ಆ ದಿನಗಳಲ್ಲಿ ಅವನಿಂದ ಇತರರಿಗೂ ಅದು ಹರಡಬಹುದು. 1763ರಲ್ಲಿ ಪ್ಯಾರಿಸ್ಸಿನ ನ್ಯಾಯಸಭೆ ನಗರದೊಳಗೆ ಕೀವು ಹಾಕುವುದನ್ನು ನಿಷೇಧಿಸಿ, ವೈದ್ಯ ಮತ್ತು ದೇವತಾಶಾಸ್ತ್ರ ವಿಭಾಗಗಳ ಅಭಿಪ್ರಾಯ ಕೇಳಿತು. ಬರ್ನೂಲಿಯ ಪಟ್ಟಿಯಲ್ಲಿ ನೆರೆಮನೆಯವರಿಗೆ ಒಂದು ಕಲಂ ಇರಲಿಲ್ಲ. ನನ್ನ ಮಗುವನ್ನು ಉಳಿಸಿಕೊಳ್ಳಲು ಪಕ್ಕದ ಮನೆಯ ಮಗುವನ್ನು ಎಷ್ಟರಮಟ್ಟಿಗೆ ಅಪಾಯಕ್ಕೆ ಒಡ್ಡಬಹುದು ಎಂಬ ಪ್ರಶ್ನೆ ಬಂದಾಗಲೇ ಆ ಕಲಮಿನ ಅಗತ್ಯ ತಿಳಿದದ್ದು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಯಾವ ಸಂಗತಿಗಳನ್ನು ಎಣಿಸಬೇಕು ಎಂಬುದನ್ನು ಸಂಗತಿಗಳೇ ಹೇಳುವುದಿಲ್ಲ. ನಮಗೆ ಏನು ಮುಖ್ಯ ಎಂಬುದು ಮೊದಲು ಗೊತ್ತಾಗಬೇಕು, ಆಮೇಲೆ ಎಣಿಕೆ.

ಬಿರುಕು ಎರಡೂ ಕಡೆಗಿದೆ

ಇಷ್ಟು ಕೇಳಿ, ಇದು ವಿಜ್ಞಾನದ ವಿರುದ್ಧ ಸಂಪ್ರದಾಯಕ್ಕೆ ಸಿಕ್ಕ ಅಸ್ತ್ರ ಎಂದು ಯಾರಾದರೂ ಸಂತೋಷಪಟ್ಟರೆ ಅವರು ಸ್ವಲ್ಪ ತಡೆಯಬೇಕು. ಅದೇ ಬಿರುಕು ಸಂಪ್ರದಾಯದ ವಾದದಲ್ಲಿಯೂ ಇದೆ. 1722ರಲ್ಲಿ ಲಂಡನ್ನಿನಲ್ಲಿ ಎಡ್ಮಂಡ್ ಮ್ಯಾಸೀ ಎಂಬ ಪಾದ್ರಿ ಕೀವು ಹಾಕಿಸುವುದು ಪಾಪವೆಂದು ಒಂದು ಪ್ರವಚನ ಮಾಡಿದ. ರೋಗಗಳು ನಮ್ಮನ್ನು ಪರೀಕ್ಷಿಸಲು ಅಥವಾ ಶಿಕ್ಷಿಸಲು ದೇವರು ಕಳುಹಿಸಿದವು, ಆದ್ದರಿಂದ ಮನುಷ್ಯ ಅದರಲ್ಲಿ ಕೈಹಾಕಬಾರದು ಎಂಬುದು ಅವನ ವಾದದ ತಿರುಳು. ಇಲ್ಲಿಯೂ ಅದೇ ‘ಆದ್ದರಿಂದ’. ರೋಗ ದೇವರಿಂದ ಬಂತೆಂದೇ ಒಪ್ಪಿಕೊಳ್ಳೋಣ. ಅದು ‘ಇದೆ’ಯ ಮಾತು. ಬಂದದ್ದನ್ನು ತಡೆಯಬಾರದು ಎಂಬುದು ಅದರಿಂದ ಹೇಗೆ ಹುಟ್ಟುತ್ತದೆ?

ಈ ಬಗೆಯ ವಾದಕ್ಕೆ ಹ್ಯೂಮ್ ಬೇರೊಂದು ಸಂದರ್ಭದಲ್ಲಿ, ಆತ್ಮಹತ್ಯೆಯನ್ನು ಕುರಿತ ಪ್ರಬಂಧದಲ್ಲಿ, ಚುರುಕಾದ ಉತ್ತರ ಕೊಟ್ಟಿದ್ದಾನೆ. ಪ್ರಕೃತಿಯ ನಡೆಯನ್ನು ಬದಲಿಸುವುದೇ ತಪ್ಪಾದರೆ, ತಲೆಯ ಮೇಲೆ ಬೀಳುತ್ತಿರುವ ಕಲ್ಲಿನಿಂದ ತಪ್ಪಿಸಿಕೊಳ್ಳುವುದೂ ತಪ್ಪಾಗಬೇಕು ಎಂಬ ಅರ್ಥದ ಮಾತು ಅದು. ನಾವು ಈಗಷ್ಟೇ ಬರ್ನೂಲಿಯ ಮೇಲೆ ಪ್ರಯೋಗಿಸಿದ ಉಪಾಯವೇ ಇದೂ ಸಹ. ವಾದದ ರೂಪವನ್ನು ಇಟ್ಟುಕೊಂಡು ಉದಾಹರಣೆಯನ್ನಷ್ಟೇ ಬದಲಿಸಿದಾಗ ಅಡಗಿದ್ದ ವಾಕ್ಯ ಬೆಳಕಿಗೆ ಬರುತ್ತದೆ. ‘ಸಹಜವಾದದ್ದು’, ‘ಹಿಂದಿನಿಂದ ಬಂದದ್ದು’, ‘ಎಲ್ಲರೂ ಮಾಡುವುದು’ ಎಂಬ ಮಾತುಗಳು ಬಂದಾಗಲೆಲ್ಲ ಈ ಪರೀಕ್ಷೆ ಮಾಡಿ ನೋಡಬಹುದು. ಅವು ಹೊರನೋಟಕ್ಕೆ ಸಂಗತಿಯನ್ನು ಹೇಳುವ ಪದಗಳು, ಒಳಗೆ ಅಪ್ಪಣೆಯನ್ನು ಹೊತ್ತು ತರುತ್ತವೆ.

ಹಾಗಾದರೆ ಸಾಕ್ಷ್ಯದ ಕೆಲಸವೇನು?

ಸಂಗತಿಗಳಿಂದ ನೀತಿ ಹುಟ್ಟುವುದಿಲ್ಲವಾದರೆ ಸಂಗತಿಗಳಿಗೆ ಬೆಲೆಯೇ ಇಲ್ಲವೆ? ಹಾಗೆ ತಿಳಿಯುವುದು ಹ್ಯೂಮನ ಮಾತನ್ನು ತಲೆಕೆಳಗು ಮಾಡಿದಂತೆ. ‘ಸಂಗತಿಗಳು ಮಾತ್ರ ಸಾಲವು’ ಎಂಬುದಕ್ಕೂ ‘ಸಂಗತಿಗಳು ಬೇಡ’ ಎಂಬುದಕ್ಕೂ ಬಹಳ ಅಂತರವಿದೆ.

ಅಮೆರಿಕದ ಬಾಸ್ಟನ್ ನಗರದಲ್ಲಿ 1721ರಲ್ಲಿ ಸಿಡುಬಿನ ಪಿಡುಗು ಬಂದಾಗ ಸುಮಾರು 5,900 ಜನರಿಗೆ ರೋಗ ತಗಲಿ 844 ಮಂದಿ ಸತ್ತರು. ಅಂದರೆ ನೂರಕ್ಕೆ 14ರಷ್ಟು. ಅದೇ ಪಿಡುಗಿನಲ್ಲಿ ಕೀವು ಹಾಕಿಸಿಕೊಂಡ ಸುಮಾರು 240 ಮಂದಿಯಲ್ಲಿ ಸತ್ತವರು 6 ಜನ, ನೂರಕ್ಕೆ ಎರಡೂವರೆಯಷ್ಟು. ಈಗ ಒಬ್ಬನು, ‘ಕೀವು ಹಾಕಿಸುವುದರಿಂದ ಉಳಿಯುವುದಕ್ಕಿಂತ ಸಾಯುವವರೇ ಹೆಚ್ಚು, ಆದ್ದರಿಂದ ಬೇಡ’ ಎಂದರೆ ಈ ಅಂಕಿಗಳು ಅವನ ಬಾಯಿ ಮುಚ್ಚಿಸುತ್ತವೆ. ಅವನ ವಾದ ನಿಂತಿದ್ದ ಒಂದು ಕಾಲು ಸಂಗತಿಯದು, ಅದು ಮುರಿಯಿತು. ಆದರೆ ಇನ್ನೊಬ್ಬನು, ‘ನನ್ನ ಕೈಯಾರೆ ಮಗುವಿಗೆ ರೋಗ ಕೊಟ್ಟು ಅದು ಸತ್ತರೆ, ರೋಗ ತಾನಾಗಿ ಬಂದು ಸತ್ತದ್ದಕ್ಕಿಂತ ಹೆಚ್ಚಿನ ಹೊಣೆ ನನ್ನದು’ ಎಂದರೆ? ಅವನು ಎಲ್ಲ ಅಂಕಿಗಳನ್ನೂ ಒಪ್ಪಿದ್ದಾನೆ. ಇನ್ನಷ್ಟು ಅಂಕಿಗಳನ್ನು ಅವನ ಮುಂದೆ ಸುರಿದು ಪ್ರಯೋಜನವಿಲ್ಲ. ಅವನೊಡನೆ ಮಾತನಾಡಬೇಕಾದದ್ದು ಹೊಣೆಯ ಬಗ್ಗೆ.

ಹೀಗೆ ಮಾತನಾಡಿದವನೊಬ್ಬನ ಉದಾಹರಣೆ ನಮಗೆ ಸಿಗುತ್ತದೆ. ಬೆಂಜಮಿನ್ ಫ್ರಾಂಕ್ಲಿನ್ ತನ್ನ ನಾಲ್ಕು ವರ್ಷದ ಮಗನನ್ನು 1736ರಲ್ಲಿ ಸಿಡುಬಿಗೆ ಕಳೆದುಕೊಂಡ. ಮಗುವಿಗೆ ಕೀವು ಹಾಕಿಸಿರಲಿಲ್ಲ. ಬಹಳ ವರ್ಷಗಳ ಮೇಲೆ ತನ್ನ ಆತ್ಮಕಥೆಯಲ್ಲಿ ಅವನು ಆ ಪಶ್ಚಾತ್ತಾಪವನ್ನು ದಾಖಲಿಸಿದ್ದಾನೆ. ಕೀವು ಹಾಕಿಸಿ ಮಗು ಸತ್ತರೆ ತಮ್ಮನ್ನು ತಾವು ಎಂದೂ ಕ್ಷಮಿಸಿಕೊಳ್ಳಲಾರೆವು ಎಂದು ಹೆದರುವ ತಂದೆತಾಯಿಗಳಿಗೆ ಅವನು ಹೇಳುವುದೇನೆಂದರೆ, ಹಾಕಿಸದೆ ಸತ್ತರೂ ಆ ದುಃಖ ಅಷ್ಟೇ ಇರುತ್ತದೆ, ಆದ್ದರಿಂದ ಎರಡರಲ್ಲಿ ಕಡಿಮೆ ಅಪಾಯದ್ದನ್ನು ಆರಿಸಿಕೊಳ್ಳಿ ಎಂದು. ಇದರಲ್ಲಿ ಹೊಸ ಅಂಕಿ ಒಂದೂ ಇಲ್ಲ. ಬರ್ನೂಲಿ ಹೇಳದೆ ಬಿಟ್ಟ ಜಾಗದಲ್ಲಿ ಫ್ರಾಂಕ್ಲಿನ್ ಒಂದು ವಾಕ್ಯವನ್ನು ತೆರೆದು ಇಟ್ಟಿದ್ದಾನೆ: ಮಾಡಿ ಕಳೆದುಕೊಂಡದ್ದಕ್ಕೂ ಮಾಡದೆ ಕಳೆದುಕೊಂಡದ್ದಕ್ಕೂ ಹೊಣೆ ಒಂದೇ. ಇದನ್ನು ಒಪ್ಪಬಹುದು, ಬಿಡಬಹುದು. ಆದರೆ ಯಾವುದನ್ನು ಒಪ್ಪುತ್ತಿದ್ದೇವೆ ಎಂಬುದು ಕಾಣುತ್ತದೆ. ಒಮ್ಮೆ ಅದನ್ನು ಒಪ್ಪಿದರೆ, ಆಮೇಲೆ ಬರ್ನೂಲಿಯ ಲೆಕ್ಕವೂ ಬಾಸ್ಟನ್ನಿನ ಅಂಕಿಗಳೂ ಪೂರ್ಣ ಬಲದಿಂದ ಕೆಲಸ ಮಾಡುತ್ತವೆ.

ಇಲ್ಲಿ ನಾನು ಆರಂಭದಲ್ಲಿ ಹೇಳಿದ ಮೂರನೆಯ ‘ಬೇಕು’, ಷರತ್ತಿನ ‘ಬೇಕು’, ನೆನಪಿಗೆ ಬರಲಿ. ‘ಮಗು ಬದುಕುವ ಸಂಭವ ಹೆಚ್ಚಬೇಕಾದರೆ ಕೀವು ಹಾಕಿಸಬೇಕು.’ ಈ ವಾಕ್ಯವನ್ನು ಸಂಗತಿಗಳೇ ಸಾಬೀತುಪಡಿಸಬಲ್ಲವು. ಆದರೆ ಅದರ ಮೊದಲ ಅರ್ಧವನ್ನು, ಆ ‘ಬೇಕಾದರೆ’ಯನ್ನು, ಕತ್ತರಿಸಿ ಎಸೆದು ‘ಕೀವು ಹಾಕಿಸಬೇಕು’ ಎಂಬುದನ್ನಷ್ಟೇ ಮುಂದಿಟ್ಟಾಗ ಷರತ್ತು ಕರ್ತವ್ಯವಾಗಿ ವೇಷ ಬದಲಿಸುತ್ತದೆ. ವರದಿಗಳಲ್ಲಿ, ತಜ್ಞರ ಶಿಫಾರಸುಗಳಲ್ಲಿ ನಡೆಯುವುದು ಬಹುಮಟ್ಟಿಗೆ ಇದೇ.

ಹ್ಯೂಮನ ಮಾತಿಗೆ ಎದುರು ನಿಂತವರೂ ಇದ್ದಾರೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಅಮೆರಿಕದ ತತ್ತ್ವಜ್ಞಾನಿ ಜಾನ್ ಸರ್ಲ್ 1964ರಲ್ಲಿ ಒಂದು ಪ್ರಸಿದ್ಧ ವಾದ ಮುಂದಿಟ್ಟರು. ಒಬ್ಬನು ‘ನಿನಗೆ ಇಷ್ಟು ಹಣ ಕೊಡುತ್ತೇನೆಂದು ಮಾತು ಕೊಡುತ್ತೇನೆ’ ಎಂದ. ಅವನು ಹಾಗೆ ನುಡಿದದ್ದು ಒಂದು ಸಂಗತಿ. ನುಡಿದದ್ದರಿಂದ ಅವನು ಮಾತು ಕೊಟ್ಟಂತಾಯಿತು. ಮಾತು ಕೊಟ್ಟದ್ದರಿಂದ ಅವನು ಅದಕ್ಕೆ ಕಟ್ಟುಬಿದ್ದ. ಕಟ್ಟುಬಿದ್ದದ್ದರಿಂದ ಅವನು ಹಣ ಕೊಡಬೇಕು. ‘ಇದೆ’ಯಿಂದ ಹೊರಟು ‘ಬೇಕು’ ತಲುಪಿದೆವಲ್ಲ ಎಂಬುದು ಅವರ ವಾದ. ಇದಕ್ಕೆ ಹಲವರು ಕೊಟ್ಟ ಉತ್ತರವೆಂದರೆ, ‘ಮಾತು ಕೊಡುವುದು’ ಎಂಬ ಪದ್ಧತಿಯೊಳಗೇ ‘ಉಳಿಸಿಕೊಳ್ಳಬೇಕು’ ಎಂಬುದು ಮೊದಲೇ ಹುದುಗಿದೆ. ಆ ಪದ್ಧತಿಗೆ ನಾವು ಒಳಪಟ್ಟಿರಬೇಕೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ ಎಂದು. ಈ ಚರ್ಚೆ ಮುಗಿದಿಲ್ಲ. ಆದರೆ ಸಿಡುಬಿನ ಪಟ್ಟಿಗೂ ಕೊಟ್ಟ ಮಾತಿಗೂ ವ್ಯತ್ಯಾಸವಿದೆ. ಸಾವಿನ ಅಂಕಿ ಯಾರಿಗೂ ಯಾವ ಮಾತನ್ನೂ ಕೊಟ್ಟಿಲ್ಲ.

ಸಿಡುಬು ಹೋಯಿತು, ಪ್ರಶ್ನೆ ಉಳಿಯಿತು

ಜೆನ್ನರನ ದಾಕು ಬಂದ ಮೇಲೆ ಈ ವಿವಾದ ಬಹುಮಟ್ಟಿಗೆ ತಣ್ಣಗಾಯಿತು. ಕಾರಣ, ದಾಕಿನಿಂದ ಸಾಯುವ ಭಯ ತೀರ ಕಡಿಮೆ. ಹಾಕಿಸಿಕೊಂಡವನಿಂದ ನೆರೆಯವರಿಗೆ ಸಿಡುಬು ಹರಡುವುದೂ ಇಲ್ಲ. ಸಂಗತಿಗಳೇ ಕೊನೆಗೆ ಗೆದ್ದವಲ್ಲ ಎನಿಸಬಹುದು. ನಿಜವಾಗಿ ಆದದ್ದು ಬೇರೆ. ಹೊಸ ಸಂಗತಿಗಳ ಮುಂದೆ, ರಾಜ್ಯದ ಹಿತವನ್ನು ಮೊದಲು ಎನ್ನುವವನೂ ಮಗುವಿನ ಹಿತವನ್ನು ಮೊದಲು ಎನ್ನುವವನೂ ನೆರೆಮನೆಯ ಚಿಂತೆ ಮಾಡುವವನೂ ತಮ್ಮ ತಮ್ಮ ದಾರಿಯಿಂದಲೇ ಒಂದೇ ಕಡೆಗೆ ಬಂದು ಸೇರಿದರು. ಬಿರುಕು ಮುಚ್ಚಲಿಲ್ಲ, ಅದರ ಎರಡೂ ದಡದಲ್ಲಿದ್ದವರಿಗೆ ಜಗಳವಾಡುವ ಕಾರಣ ಕಡಿಮೆಯಾಯಿತು.

ಬಿರುಕು ಅಲ್ಲೇ ಇದೆ ಎಂಬುದು ಮತ್ತೆ ಕಂಡದ್ದು ನಮ್ಮ ದೇಶದಲ್ಲಿ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ಅದಕ್ಕೆ ಮುಂಚಿನ ಎರಡು ಮೂರು ವರ್ಷಗಳ ಬಿರುಸಿನ ಅಭಿಯಾನದಲ್ಲಿ, ಬಿಹಾರದ ಕೆಲವೆಡೆ, ಬೇಡವೆಂದವರ ಮನೆಗೆ ನುಗ್ಗಿ, ಹಿಡಿದು ಒತ್ತಿ ದಾಕು ಹಾಕಿದ್ದನ್ನು ಅದರಲ್ಲಿ ಪಾಲುಗೊಂಡವರೇ ಬರೆದಿದ್ದಾರೆ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಭೂಮಿಯ ಮೇಲೆ ಇಲ್ಲವಾಯಿತೆಂದು ಘೋಷಿಸಿತು. ಇದಕ್ಕಿಂತ ದೊಡ್ಡ ಯಶಸ್ಸು ವೈದ್ಯಕೀಯದಲ್ಲಿ ಅಪರೂಪ. ಆದರೂ ‘ರೋಗ ಹೋಯಿತು, ಆದ್ದರಿಂದ ಒತ್ತಾಯ ಮಾಡಿದ್ದು ಸರಿ’ ಎಂದರೆ, ಅಲ್ಲಿ ಮತ್ತೆ ಅದೇ ‘ಆದ್ದರಿಂದ’. ಒತ್ತಾಯ ಸರಿಯಿದ್ದಿರಬಹುದು; ತಪ್ಪಿದ್ದಿರಬಹುದು. ಒಬ್ಬನ ಮೈಮೇಲೆ ಅವನಿಗಿರುವ ಹಕ್ಕು ಎಷ್ಟು, ಇತರರ ಜೀವಕ್ಕಾಗಿ ಅದನ್ನು ಯಾವಾಗ ಮೀರಬಹುದು ಎಂದು ವಾದಿಸಿಯೇ ಅದನ್ನು ಹೇಳಬೇಕು. ರೋಗ ಹೋಯಿತೆಂಬ ಸಂಗತಿ ಆ ವಾದದಲ್ಲಿ ಒಂದು ಸಾಕ್ಷಿ, ನ್ಯಾಯಾಧೀಶನಲ್ಲ.

ಕೊನೆಯದಾಗಿ ಒಂದು ಸಂಗತಿ. ಸಿಡುಬಿನ ವೈರಸ್ ಇನ್ನೂ ಪೂರ್ತಿ ನಾಶವಾಗಿಲ್ಲ. ಅಮೆರಿಕದ ಅಟ್ಲಾಂಟಾದಲ್ಲಿಯೂ ರಷ್ಯದ ಕೋಲ್ತ್ಸೊವೊದಲ್ಲಿಯೂ ಎರಡು ಪ್ರಯೋಗಾಲಯಗಳಲ್ಲಿ ಅದನ್ನು ಅಧಿಕೃತವಾಗಿ ಕಾಪಾಡಿ ಇಡಲಾಗಿದೆ. ಅದನ್ನು ನಾಶ ಮಾಡಬೇಕೆ, ಮುಂದಿನ ಸಂಶೋಧನೆಗಾಗಿ ಇಟ್ಟುಕೊಳ್ಳಬೇಕೆ ಎಂದು ವಿಶ್ವ ಆರೋಗ್ಯ ಸಭೆಯಲ್ಲಿ 1990ರ ದಶಕದಿಂದ ಚರ್ಚೆ ನಡೆಯುತ್ತಾ, ತೀರ್ಮಾನ ಮುಂದಕ್ಕೆ ಹೋಗುತ್ತಾ ಬಂದಿದೆ. ಆ ವೈರಸ್ಸಿನ ರಚನೆ ಗೊತ್ತು, ಅದು ಕೊಲ್ಲಬಲ್ಲದು ಎಂಬುದು ಗೊತ್ತು, ಎಲ್ಲಿದೆ ಎಂಬುದೂ ಗೊತ್ತು. ಇಟ್ಟುಕೊಂಡರೆ ಎಂದಾದರೂ ಹೊರಬೀಳುವ ಅಪಾಯ, ಸುಟ್ಟರೆ ಕಳೆದುಹೋಗುವ ಜ್ಞಾನ, ಇವುಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಎಂಬುದನ್ನು ಮಾತ್ರ ವೈರಸ್ ಹೇಳುವುದಿಲ್ಲ. ತೂಕದ ಕಲ್ಲುಗಳನ್ನು ನಾವೇ ತರಬೇಕು, ಯಾವ ಕಲ್ಲು ಇಟ್ಟೆವು ಎಂಬುದನ್ನು ಎಲ್ಲರಿಗೂ ಕಾಣುವಂತೆ ಇಡಬೇಕು.